ದೊಡ್ಡ ಕೆಮಿಸ್ಟ್ರಿ ಕ್ಲಾಸಿನಲ್ಲಿ ಸುಮ್ಮನೆ ಕೂರುವವರನ್ನು ಮಾತಾಡಿಸುವ ಪ್ರಶ್ನೆ: ಒಂದು ಪೂರ್ತಿ ಉದಾಹರಣೆ

ವಿಜಯಪುರ, ಬಾಗಲಕೋಟೆ ಕಡೆಯ ಡಿಗ್ರಿ ಕಾಲೇಜುಗಳ ಕೆಮಿಸ್ಟ್ರಿ ಉಪನ್ಯಾಸಕರು ಮತ್ತೆ ಮತ್ತೆ ಕೇಳೋದು ಒಂದೇ ಮಾತು. "ನೂರಿಪ್ಪತ್ತು ಹುಡುಗರು ಕುಂತಿರ್ತಾರ್ರಿ. ಪ್ರಶ್ನೆ ಕೇಳಿದ್ರ ಮುಂದಿನ ಬೆಂಚಿನ ನಾಕು ಮಂದಿ ಅಷ್ಟ ಬಾಯಿ ಬಿಡ್ತಾರ. ಉಳಿದವರನ್ನ ಹೆಂಗ ಮಾತಾಡಸೋದು?" ಥಿಂಕ್-ಪೇರ್-ಶೇರ್ ಮಾಡಿ ನೋಡಿ ಅಂದರೆ, "ಮಾಡೀವ್ರಿ, ಬರೇ ಗದ್ದಲ ಆಗ್ತದ" ಅನ್ನುತ್ತಾರೆ.

ಗದ್ದಲ ಆಗೋದು ನಿಜ. ಆದರೆ ಅದಕ್ಕೆ ಕಾರಣ ಹುಡುಗರಲ್ಲ, ಹೆಚ್ಚಿನ ಸಲ ನಾವು ಕೊಟ್ಟ ಪ್ರಶ್ನೆ. ಹಾಗಾಗಿ ಈ ಲೇಖನದಲ್ಲಿ ಒಂದೇ ಒಂದು ಪ್ರಶ್ನೆಯನ್ನು ತೆಗೆದುಕೊಂಡು, ಅದನ್ನು ಹೇಗೆ ಕಟ್ಟಬೇಕು, ಕ್ಲಾಸಿನಲ್ಲಿ ಹೇಗೆ ನಡೆಸಬೇಕು, ಎಲ್ಲಿ ಎಡವಟ್ಟಾಗುತ್ತದೆ ಅಂತ ಹೇಳುತ್ತೇನೆ. ಪ್ರಶ್ನೆ ಬಿ.ಎಸ್ಸಿ. ಮೊದಲ ವರ್ಷದ್ದು: ದುರ್ಬಲ ಆಮ್ಲಕ್ಕೆ ನೀರು ಸೇರಿಸಿದರೆ pH ಏನಾಗುತ್ತದೆ?

ಮೊದಲು ಹೆಸರಿನ ವಿಷಯ. ಥಿಂಕ್-ಪೇರ್-ಶೇರ್ ಅಂದರೆ ಮೂರು ಸರದಿ. ಮೊದಲು ಪ್ರತಿಯೊಬ್ಬರೂ ತಾವೇ ಯೋಚಿಸೋದು, ಆಮೇಲೆ ಪಕ್ಕದವರ ಜೊತೆ ಮಾತಾಡೋದು, ಕೊನೆಗೆ ಇಡೀ ಕ್ಲಾಸಿಗೆ ಹೇಳೋದು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿದ್ದ ಫ್ರಾಂಕ್ ಲೈಮನ್ 1981ರಲ್ಲಿ ಇದನ್ನು ಮುಂದಿಟ್ಟರು. ಕ್ಲಾಸಿಗೆ ಕೊಡುವ ಪ್ರಶ್ನೆಗೆ ಪ್ರಾಂಪ್ಟ್ ಅನ್ನುತ್ತಾರೆ. ನಾನು ಇಲ್ಲಿ ಪ್ರಶ್ನೆ ಅಂತಲೇ ಬರೆಯುತ್ತೇನೆ.

ಸುಮ್ಮನಿರುವವರು ಯಾಕೆ ಸುಮ್ಮನಿರುತ್ತಾರೆ

ನಮ್ಮ ಕಡೆ ಇದಕ್ಕೆ ಮುಖ್ಯವಾಗಿ ಎರಡು ಕಾರಣ. ಒಂದು, ಭಾಷೆ. ಇಂಡಿ, ಸಿಂದಗಿ, ಹುನಗುಂದ, ಬಾದಾಮಿ ತಾಲೂಕುಗಳ ಹಳ್ಳಿಗಳಿಂದ ಬರುವ ಎಷ್ಟೋ ಹುಡುಗ ಹುಡುಗಿಯರು ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವರು. ವಿಷಯ ಗೊತ್ತಿರುತ್ತದೆ, ಅದನ್ನು ಇಂಗ್ಲಿಷ್ ವಾಕ್ಯದಲ್ಲಿ ಹೇಳೋಕೆ ಅಂಜಿಕೆ. ಬೆಳಗಾವಿಯ ಕ್ಲಾಸಿನಲ್ಲಿ ಮರಾಠಿ, ವಿಜಯಪುರದಲ್ಲಿ ಉರ್ದು ಮನೆಮಾತಿನವರಿಗೂ ಇದೇ ಕಷ್ಟ. ಎರಡು, ನೂರು ಜನರ ಎದುರು ತಪ್ಪು ಹೇಳುವ ಭಯ. ಒಂದು ಸಲ ನಗು ಕೇಳಿಸಿದರೆ ಸಾಕು, ಆ ಹುಡುಗಿ ಆಮೇಲೆ ವರ್ಷವಿಡೀ ಕೈ ಎತ್ತೋದಿಲ್ಲ.

ಇದರ ಮೇಲೆ ನಮ್ಮ ಅವಸರ ಬೇರೆ. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರು ಉತ್ತರಕ್ಕೆ ಕಾಯೋದು ಸಾಮಾನ್ಯವಾಗಿ ಒಂದೇ ಸೆಕೆಂಡು ಅಂತ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲೇ ತೋರಿಸಿಕೊಟ್ಟಿದ್ದರು. ಒಂದು ಸೆಕೆಂಡಿನಲ್ಲಿ ಬಾಯಿ ಬಿಡೋರು ಯಾರು? ಮುಂದಿನ ಬೆಂಚಿನ ಆ ನಾಲ್ಕು ಮಂದಿಯೇ.

ಬೇಕಾಗುವ ವಸ್ತುಗಳು

ಪ್ರತಿಯೊಬ್ಬರಿಗೂ ಅಂಗೈ ಅಗಲದ ಒಂದು ಚೀಟಿ. ಗಡಿಯಾರ. ಬೆಂಚುಗಳಿಗೆ ನಂಬರು, ಮತ್ತು ಅದೇ ನಂಬರು ಬರೆದ ಚೀಟಿಗಳಿರುವ ಒಂದು ಡಬ್ಬಿ. ಬೋರ್ಡಿನ ಅರ್ಧ ಭಾಗ ಖಾಲಿ. ಇಷ್ಟು ಸಾಕು. ಸಮಯ ಹದಿನೈದು ನಿಮಿಷ. ಅದಕ್ಕಿಂತ ಕಡಿಮೆ ಇದ್ದರೆ ಅವತ್ತು ಬೇಡ. ಅರ್ಧಕ್ಕೆ ನಿಂತರೆ ಮೊದಲ ಪೆಟ್ಟು ಬೀಳೋದು ಕೊನೆಯ ಸರದಿಗೆ. ಸುಮ್ಮನಿರುವವರ ದನಿ ಕೇಳಬೇಕಾದದ್ದು ಅಲ್ಲೇ.

ಹಂತ 1: ಪ್ರಶ್ನೆ ಕಟ್ಟುವುದು

ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ. ಇದು ಮನೆಯಲ್ಲಿ ಕೂತು ಮಾಡುವ ಕೆಲಸ.

"ಆಸ್ಟ್‌ವಾಲ್ಡ್ ನಿಯಮ ಹೇಳಿ" ಅಂತ ಕೇಳಿದರೆ ಜೋಡಿ ಮಾತಿಗೆ ಜಾಗವೇ ಇಲ್ಲ. ಗೊತ್ತಿದ್ದವರು ಹೇಳುತ್ತಾರೆ, ಗೊತ್ತಿಲ್ಲದವರು ಕೇಳಿಸಿಕೊಳ್ಳುತ್ತಾರೆ, ಅಲ್ಲಿಗೆ ಮುಗೀತು. "ದುರ್ಬಲ ಆಮ್ಲಗಳ ಬಗ್ಗೆ ಚರ್ಚಿಸಿ" ಅಂದರೆ ಇನ್ನೂ ಕೆಟ್ಟದ್ದು. ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದೆ ಮಾತು ಊಟ, ಬಸ್ಸಿನ ಕಡೆ ಹೋಗುತ್ತದೆ. ಬರೀ ಲೆಕ್ಕ ಕೊಟ್ಟರೆ ಒಬ್ಬರು ಕ್ಯಾಲ್ಕುಲೇಟರ್ ಒತ್ತುತ್ತಾರೆ, ಇನ್ನೊಬ್ಬರು ನೋಡುತ್ತಾರೆ.

ಸುಮ್ಮನಿರುವವರ ಬಾಯಿ ಬಿಡಿಸುವ ಪ್ರಶ್ನೆ ಬೇರೆ ಥರದ್ದು. ಅದರಲ್ಲಿ ತಪ್ಪು ಉತ್ತರಕ್ಕೂ ಗಟ್ಟಿ ಕಾರಣ ಇರಬೇಕು. ಆಗ ಯಾರು ಏನೇ ಹೇಳಿದರೂ ದಡ್ಡತನ ಅನ್ನಿಸೋದಿಲ್ಲ. ಇದನ್ನು ನೋಡಿ:

"100 ಮಿಲಿಲೀಟರ್ ಅಸಿಟಿಕ್ ಆಮ್ಲದ ದ್ರಾವಣ ಇದೆ. ಸಾರತೆ 0.1 M, pH 2.88. ಇದಕ್ಕೆ ನೀರು ಸೇರಿಸಿ ಒಂದು ಲೀಟರ್ ಮಾಡಿದೆವು. ಈಗ pH ಎಷ್ಟಾಗಬಹುದು? ಲೆಕ್ಕ ಮಾಡಬೇಡಿ. ಒಂದನ್ನು ಆರಿಸಿ, ಯಾಕೆ ಅಂತ ಒಂದು ಸಾಲು ಬರೆಯಿರಿ.

ಅ) 2.88ಕ್ಕಿಂತ ಕಡಿಮೆ
ಆ) 3.88
ಇ) 2.88 ಮತ್ತು 3.88ರ ನಡುವೆ"

ಸಾರತೆ ಅಂದರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ವಸ್ತು ಇದೆ ಅನ್ನೋದು. pH ಅಳೆಯುವುದು H⁺ ಅಯಾನುಗಳ ಸಾರತೆಯನ್ನು, ಆದರೆ ತಿರುವುಮುರುವಾಗಿ: H⁺ ಸಾರತೆ ಹೆಚ್ಚಾದರೆ pH ಕಡಿಮೆ. ಸಾರತೆ ಹತ್ತು ಪಟ್ಟು ಇಳಿದರೆ pH ಒಂದು ಏರುತ್ತದೆ.

ಈಗ ಒಂದೊಂದು ಉತ್ತರದ ಹಿಂದಿನ ಕಾರಣ ನೋಡಿ. 'ಅ' ಆರಿಸಿದವರು ಆಸ್ಟ್‌ವಾಲ್ಡ್ ಪಾಠವನ್ನು ಗಮನ ಕೊಟ್ಟು ಕೇಳಿದವರು. ನೀರು ಹೆಚ್ಚಿದಂತೆ ದುರ್ಬಲ ಆಮ್ಲ ಜಾಸ್ತಿ ಅಯಾನುಗಳಾಗಿ ಒಡೆಯುತ್ತದೆ ಅಂತ ಆಸ್ಟ್‌ವಾಲ್ಡ್ 1888ರಲ್ಲೇ ಹೇಳಿದ್ದರು. H⁺ ಜಾಸ್ತಿ ಆದರೆ pH ಇಳಿಯಬೇಕಲ್ವಾ ಅನ್ನೋದು ಇವರ ವಾದ. 'ಆ' ಆರಿಸಿದವರಿಗೆ ಪಿಯುಸಿಯ ಹೈಡ್ರೋಕ್ಲೋರಿಕ್ ಆಮ್ಲದ ಲೆಕ್ಕ ನೆನಪಿದೆ. ಅಲ್ಲಿ 0.1 M ದ್ರಾವಣದ pH 1, ಹತ್ತು ಪಟ್ಟು ನೀರಾದರೆ 2. ಇಲ್ಲೂ ಒಂದು ಏರಬೇಕು ಅನ್ನುತ್ತಾರೆ. 'ಇ' ಸರಿ. ಆದರೆ ಅದನ್ನು ಆರಿಸಿದವರಲ್ಲಿ ಅರ್ಧ ಜನ "ನಡುವಿನದು ಇರಬಹುದು" ಅಂತ ಊಹಿಸಿದವರೇ ಇರುತ್ತಾರೆ. ಹಾಗಾಗಿ ಅವರೂ ಪಕ್ಕದವರಿಗೆ ಕಾರಣ ಹೇಳೋಕೆ ತಿಣುಕಬೇಕಾಗುತ್ತದೆ.

ಲೆಕ್ಕ ಬೇಡ ಅಂತ ಹೇಳೋದನ್ನು ಮರೆಯಬೇಡಿ. ಲೆಕ್ಕ ಶುರುವಾದರೆ ಮಾತು ನಿಂತು ಹೋಗುತ್ತದೆ. ಪ್ರಶ್ನೆಯನ್ನು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದು, ಬಾಯಲ್ಲಿ ಕನ್ನಡದಲ್ಲಿ ಒಂದು ಸಲ ನಿಧಾನವಾಗಿ ಹೇಳಿ.

ಹಂತ 2: ಒಂದೂವರೆ ನಿಮಿಷ ಮೌನ

"ಈಗ ಯಾರೂ ಮಾತಾಡಬೇಡಿ, ಚೀಟಿಯಲ್ಲಿ ಬರೆಯಿರಿ. ಹೆಸರು ಬೇಡ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ" ಅಂತ ಹೇಳಿ ಗಡಿಯಾರ ನೋಡಿ. ಒಂದೂವರೆ ನಿಮಿಷ ಪೂರ್ತಿ ಕಾಯಿರಿ. ಮೊದಲ ಅರ್ಧ ನಿಮಿಷಕ್ಕೇ ಮುಂದಿನ ಬೆಂಚಿನವರು ಪೆನ್ನು ಕೆಳಗಿಟ್ಟು ನಿಮ್ಮ ಮುಖ ನೋಡುತ್ತಾರೆ. ಆಗ "ಆಯ್ತಾ?" ಅಂತ ಕೇಳಬೇಡಿ. ಹಿಂದಿನ ಬೆಂಚಿನವರು ಬರೆಯೋಕೆ ಶುರು ಮಾಡಿರುವುದೇ ಆಗ.

ಇಲ್ಲಿ ಆಗುವ ದೊಡ್ಡ ತಪ್ಪು ಈ ಸರದಿಯನ್ನೇ ಬಿಟ್ಟು ನೇರ ಜೋಡಿಗೆ ಹೋಗೋದು. ಬರೆದಿಟ್ಟದ್ದು ಏನೂ ಇಲ್ಲದಿದ್ದರೆ ಸುಮ್ಮನಿರುವವರು ಪಕ್ಕದ ಜೋರಿನವರಿಗೆ ತಲೆ ಆಡಿಸಿ ಮುಗಿಸುತ್ತಾರೆ. ಚೀಟಿಯಲ್ಲಿ ಒಂದು ಅಕ್ಷರ ಇದ್ದರೆ ಕನಿಷ್ಠ "ನಾ 'ಅ' ಬರ್ದೀನಿ" ಅನ್ನೋಕಾದರೂ ಬಾಯಿ ಬರುತ್ತದೆ.

ಬರೆದಾದ ಮೇಲೆ ಕೈ ಎತ್ತಿಸಿ ಎಣಿಸೋದು ಬೇಡ. 'ಇ'ಗೆ ಎಂಬತ್ತು ಕೈ ಎದ್ದರೆ 'ಅ' ಬರೆದವರು ಚೀಟಿ ಮುಚ್ಚಿಬಿಡುತ್ತಾರೆ.

ಹಂತ 3: ಮೂರು ನಿಮಿಷ ಜೋಡಿ ಮಾತು

ನಮ್ಮ ಹಾಲ್‌ಗಳಲ್ಲಿ ಬೆಂಚು ನೆಲಕ್ಕೆ ಜಡಿದಿರುತ್ತವೆ, ಒಂದರಲ್ಲಿ ಮೂರು ನಾಲ್ಕು ಜನ. ಜೋಡಿ ಹುಡುಕಿಕೊಳ್ಳಿ ಅಂತ ಬಿಟ್ಟರೆ ಒಬ್ಬರು ಉಳಿದೇ ಉಳಿಯುತ್ತಾರೆ, ಆ ಒಬ್ಬರು ಸಾಮಾನ್ಯವಾಗಿ ಸುಮ್ಮನಿರುವವರೇ. ಹಾಗಾಗಿ ನೀವೇ ಹೇಳಿಬಿಡಿ: ನಾಲ್ಕು ಜನ ಇದ್ದರೆ ಎರಡು ಜೋಡಿ, ಮೂರು ಜನ ಇದ್ದರೆ ಮೂವರೂ ಒಟ್ಟಿಗೆ, ಒಬ್ಬರೇ ಇದ್ದರೆ ಹಿಂದಿನ ಬೆಂಚಿನವರ ಜೊತೆ.

ಯಾರು ಮೊದಲು ಮಾತಾಡಬೇಕು ಅನ್ನೋದನ್ನೂ ನೀವೇ ಗೊತ್ತು ಮಾಡಿ. "ಕಿಟಕಿ ಕಡೆ ಕೂತವರು ಮೊದಲು ಹೇಳಲಿ, ಅರ್ಧ ನಿಮಿಷ. ಆಮೇಲೆ ಇನ್ನೊಬ್ಬರು." ಜಾಣತನಕ್ಕೂ ಕಿಟಕಿಗೂ ಸಂಬಂಧ ಇಲ್ಲ, ಅದಕ್ಕೇ ಇದು ಕೆಲಸ ಮಾಡುತ್ತದೆ. ಜೋರು ಹುಡುಗ ಕಿಟಕಿ ಕಡೆ ಇಲ್ಲದಿದ್ದರೆ ಅವನು ಕಾಯಲೇಬೇಕು. ಮುಂದಿನ ಸಲ ಬಾಗಿಲ ಕಡೆಯವರಿಂದ ಶುರು ಮಾಡಿಸಿ.

ಕೊಡುವ ಕೆಲಸ ಸ್ಪಷ್ಟವಾಗಿರಲಿ. "ಚರ್ಚೆ ಮಾಡಿ" ಅನ್ನಬೇಡಿ. "ಪಕ್ಕದವರ ಕಾರಣ ಕೇಳಿಕೊಳ್ಳಿ. ಆಮೇಲೆ ನಾನು ಕೇಳೋದು ನಿಮ್ಮ ಉತ್ತರ ಅಲ್ಲ, ಅವರ ಕಾರಣ" ಅನ್ನಿ. ಇದರಿಂದ ಎರಡು ಲಾಭ. ಕಿವಿಗೊಟ್ಟು ಕೇಳೋದು ಕಡ್ಡಾಯ ಆಗುತ್ತದೆ. ಕೊನೆಗೆ ನಿಂತು ಹೇಳುವವರ ಮೇಲೆ ತಪ್ಪಿನ ಭಾರ ಇರೋದಿಲ್ಲ, ಹೇಳಿದ್ದು ಇನ್ನೊಬ್ಬರ ಮಾತು ತಾನೆ.

ಯಾವ ಭಾಷೆಯಲ್ಲಾದರೂ ಮಾತಾಡಲಿ. ಇಂಗ್ಲಿಷ್ ಮಾತ್ರ ಅಂತ ಕಟ್ಟು ಹಾಕಿದರೆ ಮೌನ ವಾಪಸ್ ಬರುತ್ತದೆ.

ಹಂತ 4: ಓಡಾಡಿ ಕೇಳಿಸಿಕೊಳ್ಳುವುದು

ಈ ಮೂರು ನಿಮಿಷ ನೀವು ಬೋರ್ಡ್ ಹತ್ತಿರ ನಿಂತರೆ ಅರ್ಧ ಕೆಲಸ ಹೋಯಿತು. ಹಿಂದಿನ ಬೆಂಚಿನವರೆಗೆ ಹೋಗಿ. ಮಾತು ಹೀಗೆ ಕೇಳಿಸುತ್ತದೆ:

"ನೀರ್ ಹಾಕಿದ್ರ ಆಸಿಡ್ ತೆಳ್ಳಗ ಆಗ್ತದ, pH ಏರ್ತದ."

"ಆದ್ರ ಆಸ್ಟ್‌ವಾಲ್ಡ್ ಹೇಳಿದ್ದೇನು? ನೀರ್ ಹಾಕಿದಂಗ ಹೆಚ್ಚಾಗ್ತದಂತ."

"ಏನ್ ಹೆಚ್ಚಾಗ್ತದ?"

"...H⁺."

ಆ "ಏನ್ ಹೆಚ್ಚಾಗ್ತದ?" ಅನ್ನೋದರಲ್ಲೇ ಇಡೀ ಪಾಠ ಇದೆ. ಹೆಚ್ಚಾದದ್ದು H⁺ಗಳ ಒಟ್ಟು ಸಂಖ್ಯೆಯೋ, ಸಾರತೆಯೋ, ಒಡೆದ ಅಣುಗಳ ಪಾಲೋ, pH ಏನೋ? ಹುಡುಗರು ಈ ನಾಲ್ಕಕ್ಕೂ "ಹೆಚ್ಚಾತು" ಅಂತಲೇ ಹೇಳುತ್ತಾರೆ. ಯಾರೂ ಆ ಪ್ರಶ್ನೆ ಕೇಳದ ಬೆಂಚಿನ ಹತ್ತಿರ ಬಗ್ಗಿ ನೀವೇ ಕೇಳಿ: "ಏನು ಹೆಚ್ಚಾತವ್ವಾ?" ಕೇಳಿ ಮುಂದೆ ಹೋಗಿಬಿಡಿ. ಉತ್ತರಕ್ಕೆ ನಿಂತರೆ ಅವರು ನಿಮ್ಮ ಜೊತೆ ಮಾತಾಡುತ್ತಾರೆ, ತಮ್ಮೊಳಗೆ ಮಾತಾಡೋದಿಲ್ಲ.

ಓಡಾಡುವಾಗ ಇನ್ನೊಂದು ಕೆಲಸ ಮಾಡಿ. ಸಾಮಾನ್ಯವಾಗಿ ಮಾತಾಡದ ಎರಡು ಮೂರು ಜನರ ಬಾಯಲ್ಲಿ ಒಳ್ಳೆ ಕಾರಣ ಕೇಳಿಸಿದರೆ, ಮೆಲ್ಲಗೆ "ಈ ಮಾತು ಆಮೇಲೆ ಎಲ್ಲರಿಗೂ ಹೇಳ್ತೀಯಾ?" ಅಂತ ಕೇಳಿ. ಬೇಡ ಅಂದರೆ "ಹಾಗಾದ್ರೆ ಚೀಟಿ ಕೊಡು, ನಾನು ಓದ್ತೀನಿ" ಅನ್ನಿ. ಮುಂಚೆಯೇ ಗೊತ್ತಿದ್ದರೆ ಅವರಿಗೆ ವಾಕ್ಯ ಜೋಡಿಸಿಕೊಳ್ಳೋಕೆ ಒಂದು ನಿಮಿಷ ಸಿಗುತ್ತದೆ. ಹೇಳದೆ ಕೇಳದೆ ಹೆಸರು ಕರೆದು ಎಬ್ಬಿಸೋದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ.

ಯಾವಾಗ ನಿಲ್ಲಿಸಬೇಕು? ಮೂರು ನಿಮಿಷ ಅಂದಾಜು ಅಷ್ಟೇ. ಸದ್ದಿನ ಏರಿಳಿತ ಗಮನಿಸಿ. ಏರಿದ ಸದ್ದು ಇಳಿಯೋಕೆ ಶುರುವಾದ ಕೂಡಲೇ ನಿಲ್ಲಿಸಿ. ಪೂರ್ತಿ ಇಳಿದು ಮತ್ತೆ ಏರಿತು ಅಂದರೆ ಅದು ಕೆಮಿಸ್ಟ್ರಿಯ ಮಾತಲ್ಲ.

ಹಂತ 5: ಇಡೀ ಕ್ಲಾಸಿಗೆ ಹೇಳಿಸುವುದು

"ಯಾರು ಹೇಳ್ತೀರಿ?" ಅಂತ ಕೇಳಿದರೆ ಮತ್ತೆ ಆ ನಾಲ್ಕು ಕೈಗಳೇ. ಅದರ ಬದಲು ಡಬ್ಬಿಯಿಂದ ಬೆಂಚಿನ ನಂಬರು ಎತ್ತಿ. "ಹದಿನಾರನೇ ಬೆಂಚು. ನಿಮ್ಮಲ್ಲಿ ಯಾವ ಯಾವ ಕಾರಣ ಬಂತು?" ಬೆಂಚಿನಲ್ಲಿ ಯಾರು ಬೇಕಾದರೂ ಹೇಳಲಿ. ಮೂರು ನಾಲ್ಕು ನಂಬರು ಎತ್ತಿ, ನಡುವೆ ನೀವು ಮುಂಚೆ ಕೇಳಿಟ್ಟವರನ್ನು ಸೇರಿಸಿ.

ಮೊದಲು 'ಅ'ದ ಕಾರಣ ಕೇಳಿ, ಆಮೇಲೆ 'ಆ', ಕೊನೆಗೆ 'ಇ'. ಸರಿ ಉತ್ತರ ಮೊದಲು ಬಂದರೆ ಉಳಿದವರು ತಮ್ಮದನ್ನು ನುಂಗಿಕೊಳ್ಳುತ್ತಾರೆ. ಡಬ್ಬಿಯಿಂದ ಬಂದ ಬೆಂಚು 'ಇ' ಅಂದರೆ, "ಸರಿ, ಅದನ್ನು ಹಿಡಿದಿಟ್ಟುಕೊಳ್ಳಿ, ಕೊನೆಗೆ ಬರ್ತೀನಿ. 'ಅ'ಕ್ಕೆ ನಿಮ್ಮ ಪಕ್ಕದವರು ಏನಂದರು?" ಅಂತ ಕೇಳಿ. ಹೀಗೆ ಹೇಳುವಾಗ ಮೂರಕ್ಕೂ ಒಂದೇ ದನಿ, ಒಂದೇ ಮುಖ ಇರಲಿ. ನಮ್ಮ ಹುಡುಗರು ಮೇಷ್ಟ್ರ ಹುಬ್ಬು ನೋಡಿಯೇ ಉತ್ತರ ಹೇಳಬಲ್ಲರು.

ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬೋರ್ಡಿನ ಮೇಲೆ ಬರೆಯಿರಿ. "ನೀರು ಹಾಕಿದರೆ ಆಸಿಡ್ ಜಾಸ್ತಿ ಒಡೀತದ" ಅಂದರೆ ಹಾಗೇ ಬರೆಯಿರಿ, ಪಕ್ಕದಲ್ಲಿ ಅದರ ಇಂಗ್ಲಿಷ್ ವಾಕ್ಯ ಬರೆಯಿರಿ. ಪರೀಕ್ಷೆಗೆ ಬೇಕಾದ ವಾಕ್ಯ ಅವರದೇ ಮಾತಿನಿಂದ ಹುಟ್ಟಿದ್ದನ್ನು ಅವರು ನೋಡಲಿ. ಆದರೆ ಹೇಳದೇ ಇದ್ದದ್ದನ್ನು ಸೇರಿಸಿ ಮಾತು ಚೆಂದ ಮಾಡಬೇಡಿ. ಹುಡುಗಿ "H⁺ ಹೆಚ್ಚಾಗ್ತದ" ಅಂದಾಗ ನೀವು "ಅಂದರೆ H⁺ ಒಟ್ಟು ಸಂಖ್ಯೆ" ಅಂತ ತಿದ್ದಿಬಿಟ್ಟರೆ, ಮುಂದಿನ ಹಂತದಲ್ಲಿ ಕ್ಲಾಸು ಕಂಡುಕೊಳ್ಳಬೇಕಾದದ್ದನ್ನು ನೀವೇ ಮುಗಿಸಿದಂತೆ.

ದನಿ ಸಣ್ಣದಿದ್ದರೆ "ಜೋರಾಗಿ ಹೇಳು" ಅನ್ನಬೇಡಿ. ನೀವು ಹತ್ತಿರ ಹೋಗಿ ಕೇಳಿ, ಆ ಮಾತನ್ನು ಹಾಗೇ ಎಲ್ಲರಿಗೂ ಹೇಳಿ.

ಹಂತ 6: ಮುಗಿಸುವುದು

ಈಗ ಮಾತ್ರ ಲೆಕ್ಕ. ಅಸಿಟಿಕ್ ಆಮ್ಲ ಎಷ್ಟು ಒಡೆಯುತ್ತದೆ ಅಂತ ಹೇಳುವ ಸ್ಥಿರಾಂಕ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 1.8×10⁻⁵. ಅದರಿಂದ ಸಿಗುವ ಅಂಕಿಗಳನ್ನು ನೇರ ಹೇಳಬೇಡಿ, ಚಿತ್ರ ಬರೆಯಿರಿ.

ಮೊದಲ 100 ಮಿಲಿಲೀಟರನ್ನು ಒಂದು ಡಬ್ಬಿಯಾಗಿ ಬರೆಯಿರಿ. ಅದರಲ್ಲಿ 1000 ಆಮ್ಲದ ಅಣುಗಳಿವೆ ಅಂತ ಇಟ್ಟುಕೊಳ್ಳಿ. ಅವುಗಳಲ್ಲಿ ಒಡೆದದ್ದು ಸುಮಾರು 13. ಅಂದರೆ ಡಬ್ಬಿಯಲ್ಲಿ 13 H⁺. ಈಗ ನೀರು ಸೇರಿಸಿ ಹತ್ತು ಡಬ್ಬಿ ಮಾಡಿ. ಅಣುಗಳು ಅವೇ 1000, ಆದರೆ ಒಡೆದದ್ದು ಸುಮಾರು 42. ಒಟ್ಟು H⁺ ಮೂರು ಪಟ್ಟಾಯಿತು. 'ಅ' ಹೇಳಿದವರು ಇಷ್ಟರ ಮಟ್ಟಿಗೆ ಸರಿ, ಅದನ್ನು ಬಾಯಿ ಬಿಟ್ಟು ಹೇಳಿ. ಆದರೆ ಆ 42 ಈಗ ಹತ್ತು ಡಬ್ಬಿಗಳಲ್ಲಿ ಹಂಚಿಹೋಗಿವೆ. ಒಂದು ಡಬ್ಬಿಗೆ ನಾಲ್ಕು ಚಿಲ್ಲರೆ. ಮೊದಲು 13 ಇದ್ದದ್ದು ನಾಲ್ಕಕ್ಕೆ ಇಳಿಯಿತು. pH ನೋಡೋದು ಒಂದು ಡಬ್ಬಿಯಲ್ಲಿ ಎಷ್ಟಿದೆ ಅಂತ. ಹಾಗಾಗಿ ಅದು ಏರಿತು.

'ಆ' ಹೇಳಿದವರದ್ದೂ ಅರ್ಧ ಸರಿ. ಹೊಸದಾಗಿ ಏನೂ ಒಡೆಯದೇ ಇದ್ದಿದ್ದರೆ 13 ಹೋಗಿ ಡಬ್ಬಿಗೆ 1.3 ಆಗುತ್ತಿತ್ತು, pH 3.88 ಆಗುತ್ತಿತ್ತು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮೊದಲೇ ಎಲ್ಲಾ ಒಡೆದಿರುತ್ತದೆ, ಹೊಸದಾಗಿ ಒಡೆಯೋಕೆ ಏನೂ ಉಳಿದಿರೋದಿಲ್ಲ. ಅದಕ್ಕೇ ಅಲ್ಲಿ ಪೂರ್ತಿ ಒಂದು ಏರುತ್ತದೆ. ಇಲ್ಲಿ ಉಳಿದ ಅಣುಗಳು ಒಡೆದು ಇಳಿತವನ್ನು ಸ್ವಲ್ಪ ತುಂಬಿಕೊಡುತ್ತವೆ. ಲೆಕ್ಕ ಮಾಡಿದರೆ pH 3.38 ಬರುತ್ತದೆ, ಹೆಚ್ಚುಕಡಿಮೆ ಅರ್ಧ ಏರಿಕೆ.

ಯಾರಾದರೂ "ಹಿಂಗ ನೀರು ಹಾಕ್ತಾ ಹೋದ್ರ pH ಏರ್ತಾನ ಇರ್ತದೇನ್ರೀ?" ಅಂತ ಕೇಳಿದರೆ ಸಂತೋಷಪಡಿ. ಇಲ್ಲ, 25 ಡಿಗ್ರಿಯಲ್ಲಿ ಅದು 7ರ ಹತ್ತಿರ ಹೋಗುತ್ತದೆ, ದಾಟೋದಿಲ್ಲ. ನೀರಿನದೇ H⁺ ಇದೆಯಲ್ಲ.

ಕೊನೆಗೆ ಅದೇ ಚೀಟಿಯ ಹಿಂಬದಿಯಲ್ಲಿ ಎಲ್ಲರೂ ಇನ್ನೊಂದು ಸಾಲು ಬರೆಯಲಿ: "ಏನು ಹೆಚ್ಚಾಯಿತು, ಏನು ಕಡಿಮೆಯಾಯಿತು?" ಚೀಟಿ ವಾಪಸ್ ತೆಗೆದುಕೊಳ್ಳಿ.

ಕೆಲಸ ಆಯಿತೋ ಇಲ್ಲವೋ ತಿಳಿಯೋದು ಹೇಗೆ

ಗದ್ದಲದಿಂದ ಅಳೆಯಬೇಡಿ. ಚೀಟಿ ನೋಡಿ. ಮುಂಬದಿಯಲ್ಲಿ ಮೂರೂ ಅಕ್ಷರಗಳು ಬೇಕಷ್ಟು ಇದ್ದರೆ ಪ್ರಶ್ನೆ ಸರಿ ಇತ್ತು. ಬಹುತೇಕ ಎಲ್ಲವೂ 'ಇ' ಆಗಿದ್ದರೆ ಪ್ರಶ್ನೆ ಸುಲಭವಾಯಿತು, ಜೋಡಿ ಮಾತಿಗೆ ಏನೂ ಇರಲಿಲ್ಲ. ಮುಂಬದಿ ಖಾಲಿ ಇರುವ ಚೀಟಿ ಜಾಸ್ತಿ ಬಂದರೆ ಪ್ರಶ್ನೆಯ ಮಾತೇ ಅರ್ಥವಾಗಿಲ್ಲ. ಹಿಂಬದಿಯಲ್ಲಿ "ಒಟ್ಟು H⁺ ಹೆಚ್ಚಾಯಿತು, ಸಾರತೆ ಕಡಿಮೆಯಾಯಿತು" ಅನ್ನುವ ಅರ್ಥ ಬಂದರೆ, ಭಾಷೆ ಯಾವುದಾದರೂ ಇರಲಿ, ಪಾಠ ಮುಟ್ಟಿದೆ. ಬರೀ "pH ಹೆಚ್ಚಾಯಿತು" ಅಂತಿದ್ದರೆ ಡಬ್ಬಿಯ ಚಿತ್ರವನ್ನು ಮರುದಿನ ಇನ್ನೊಂದು ಸಲ ಬರೆಯಿರಿ.

ಜೊತೆಗೆ, ಮಾತಾಡಿದ ಬೆಂಚಿನ ನಂಬರುಗಳನ್ನು ಹಾಜರಿ ಪುಸ್ತಕದ ಮೂಲೆಯಲ್ಲಿ ಗುರುತು ಹಾಕಿಕೊಳ್ಳಿ, ಆ ನಂಬರು ವಾಪಸ್ ಡಬ್ಬಿಗೆ ಹಾಕಬೇಡಿ. ಡಬ್ಬಿ ಖಾಲಿಯಾಗುವ ಹೊತ್ತಿಗೆ ಹಾಲ್‌ನ ಎಲ್ಲಾ ಮೂಲೆಗಳಿಂದ ಒಮ್ಮೆ ದನಿ ಬಂದಿರುತ್ತದೆ. ಅಷ್ಟಾದರೂ ಬಾಯಿ ಬಿಡದವರು ಕೆಲವರು ಇದ್ದೇ ಇರುತ್ತಾರೆ. ಅವರನ್ನು ಒತ್ತಾಯ ಮಾಡಬೇಡಿ. ಅವರ ಚೀಟಿಯನ್ನು ಹೆಸರಿಲ್ಲದೆ ಓದಿ, ಅದೂ ಕ್ಲಾಸಿಗೆ ಹೇಳಿದಂತೆಯೇ.

ಮುಂದಿನ ಪಾಠಗಳಿಗೆ

ಇದೇ ರೀತಿ ಕಟ್ಟಬಹುದಾದ ಎರಡು ಪ್ರಶ್ನೆ ಕೊಡುತ್ತೇನೆ, ಕಾರಣಗಳನ್ನು ನೀವೇ ಹುಡುಕಿಟ್ಟುಕೊಳ್ಳಿ.

N₂ + 3H₂ ⇌ 2NH₃ ಸಮತೋಲನದಲ್ಲಿದೆ. ಪಾತ್ರೆಯ ಗಾತ್ರ ಬದಲಾಯಿಸದೆ ಆರ್ಗಾನ್ ಅನಿಲ ತುಂಬಿದೆವು. ಅಮೋನಿಯಾ ಹೆಚ್ಚುತ್ತದೋ, ಕಡಿಮೆಯಾಗುತ್ತದೋ, ಹಾಗೇ ಇರುತ್ತದೋ? ಒತ್ತಡ ಏರಿತು ಅಂತ ಲೆ ಶಾಟೆಲಿಯೆ ನಿಯಮ ಹಿಡಿದು ಬಹಳ ಜನ "ಹೆಚ್ಚುತ್ತದೆ" ಅನ್ನುತ್ತಾರೆ. ಅನಿಲಗಳ ವರ್ತನೆ ಆದರ್ಶ ಅಂತ ಇಟ್ಟುಕೊಂಡರೆ ಅದು ಹಾಗೇ ಇರುತ್ತದೆ. ಒಟ್ಟು ಒತ್ತಡ ಏರಿದರೂ ಆ ಮೂರು ಅನಿಲಗಳ ಪಾಲಿನ ಒತ್ತಡ ಬದಲಾಗಿಲ್ಲ. ಪ್ರಶ್ನೆಯಲ್ಲಿ "ಗಾತ್ರ ಬದಲಾಯಿಸದೆ" ಅನ್ನುವ ಮಾತು ತಪ್ಪಿಹೋಗದಂತೆ ನೋಡಿಕೊಳ್ಳಿ. ಒತ್ತಡ ಬದಲಾಗದಂತೆ ಇಟ್ಟು ಆರ್ಗಾನ್ ಹಾಕಿದರೆ ಪಾತ್ರೆ ಹಿಗ್ಗುತ್ತದೆ, ಅಮೋನಿಯಾ ಕಡಿಮೆಯಾಗುತ್ತದೆ.

ಎರಡನೆಯದು: ಮುಚ್ಚಿದ ಪಾತ್ರೆಯಲ್ಲಿ CaCO₃ ಬಿಸಿ ಮಾಡಿ CaO ಮತ್ತು CO₂ ಜೊತೆ ಸಮತೋಲನಕ್ಕೆ ತಂದೆವು. ಅದೇ ಉಷ್ಣಾಂಶದಲ್ಲಿ ಇನ್ನೊಂದಿಷ್ಟು ಸುಣ್ಣದ ಕಲ್ಲಿನ ಪುಡಿ ಹಾಕಿದರೆ CO₂ ಒತ್ತಡ ಏನಾಗುತ್ತದೆ? ಇದರ ಉತ್ತರವೂ "ಹಾಗೇ ಇರುತ್ತದೆ" ಎಂದೇ, ಆದರೆ ಕಾರಣ ಬೇರೆ. ಇದನ್ನು ಆರ್ಗಾನ್ ಪ್ರಶ್ನೆಯ ಮರುದಿನವೇ ಕೇಳಬೇಡಿ. ಎರಡು ಸಲ ಅದೇ ಉತ್ತರ ಬಂದರೆ ಮೂರನೆಯ ಸಲ ಹುಡುಗರು ಯೋಚಿಸದೆಯೇ ಅದನ್ನು ಬರೆಯುತ್ತಾರೆ.